ಮುರುಗಲ ತುಪ್ಪಕ್ಕೊಂದು ಡಬ್ಬಿ

ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಕೊಪ್ಪಕ್ಕೆ ಬರುವ ಬಸ್ಸಿನಲ್ಲಿ ತೊಡೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೆ. ಒಳಗೆ ನೂರು ಗಾಜಿನ ಭರಣಿಗಳು. ಪ್ರತಿ ತಿರುವಿನಲ್ಲೂ ಅವು ಒಂದಕ್ಕೊಂದು ತಾಗಿ ಕಿಣಿ ಕಿಣಿ ಅನ್ನುತ್ತಿದ್ದವು. ಪಕ್ಕದಲ್ಲಿದ್ದ ಅಜ್ಜಿ, "ಎಂತ ಮಗಾ, ಬಳೆ ವ್ಯಾಪಾರವಾ?" ಎಂದು ಕೇಳಿದರು. ಅಲ್ಲಜ್ಜಿ, ತುಟಿಗೆ ಹಚ್ಚುವ ಮುಲಾಮು ಎಂದೆ. ಮನೆಗೆ ಬಂದು ಬಿಚ್ಚಿದಾಗ ಏಳು ಭರಣಿ ಒಡೆದಿದ್ದವು. ಉಳಿದವಕ್ಕೆ ಒಡೆದವುಗಳ ಜಿಡ್ಡು ಮೆತ್ತಿ, ನಾನೇ ಕೂತು ವಿನ್ಯಾಸ ಮಾಡಿದ್ದ ಕಾಗದದ ಲೇಬಲ್ಲುಗಳ ಮೇಲೆ ಪಾರದರ್ಶಕ ಕಲೆಗಳು ಮೂಡಿದ್ದವು. ಅತ್ತಿಗೆ ಏನೂ ಹೇಳಲಿಲ್ಲ. ಒಂದು ಹಳೆಯ ಪಂಚೆ ತಂದು ಒಂದೊಂದನ್ನೇ ಒರೆಸತೊಡಗಿದರು.

ಗಾಜು ಬೇಕೆಂದು ಹಟ ಹಿಡಿದವಳು ನಾನು.

ಅತ್ತಿಗೆ ಈ ಕೆಲಸಕ್ಕೆ ಇಳಿದದ್ದು ಹವ್ಯಾಸಕ್ಕಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳಲ್ಲಿ ಅಡಿಕೆಗೆ ಹಳದಿ ಎಲೆ ರೋಗ ಬಂದು ಎಷ್ಟೋ ಕಾಲವಾಯಿತು. ನಮ್ಮ ತೋಟದಲ್ಲೂ ಅದು ಮೇಲಿನ ತುಂಡಿನಿಂದ ಶುರುವಾಗಿ ಕೆಳಗಿಳಿಯಿತು. ಅದರ ಮೇಲೆ ಎಲೆಚುಕ್ಕಿ ರೋಗವೂ ಬಂತು. ಅಣ್ಣ ಮರಗಳ ಲೆಕ್ಕ ಹಾಕುವುದನ್ನೇ ಬಿಟ್ಟ. ಆಗ ಅತ್ತಿಗೆ ಸ್ವಸಹಾಯ ಸಂಘದಲ್ಲಿ ಮೂವತ್ತು ಸಾವಿರ ಸಾಲ ತೆಗೆದು, ತಮ್ಮ ತವರಿನಲ್ಲಿ ಅಮ್ಮಮ್ಮ ಮಾಡುತ್ತಿದ್ದ ಮುರುಗಲ ತುಪ್ಪವನ್ನು ಮಾರುವ ಯೋಚನೆ ಮಾಡಿದರು. ಮುರುಗಲ ಹಣ್ಣಿನ ಸಿಪ್ಪೆ ಸಾರಿಗೆ, ಪಾನಕಕ್ಕೆ ಹೋಗುತ್ತದೆ. ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ಕೊಬ್ಬು ತೇಲುತ್ತದೆ. ತಣಿದ ಮೇಲೆ ಅದು ಬಿಳಿ ಮೇಣದ ಹಾಗೆ ಗಟ್ಟಿ. ನಮ್ಮಲ್ಲಿ ಚಳಿಗಾಲಕ್ಕೆ ತುಟಿಗೂ ಹಿಮ್ಮಡಿಗೂ ಅದೇ. ಅದಕ್ಕೆ ತೆಂಗಿನೆಣ್ಣೆ, ಜೇನುಮೇಣ ಸೇರಿಸಿ ಹದ ಮಾಡಿದರೆ ಬೆರಳಿಗೆ ಮೆದುವಾಗಿ ಬರುವ ಮುಲಾಮು.

ಮನೆಯಲ್ಲಿ ಮಾಡಿ ಸಂತೆಯಲ್ಲಿ ಮಾರಿಬಿಡುವಂತಿಲ್ಲ ಎನ್ನುವುದು ನಮಗೆ ಮೊದಲು ಗೊತ್ತಿರಲಿಲ್ಲ. ಸೌಂದರ್ಯವರ್ಧಕ ತಯಾರಿಸಿ ಮಾರಲು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಪರವಾನಗಿ ಬೇಕು. ಅದಕ್ಕೆ ಬೇಕಾದ ಕಟ್ಟಡ, ಸಲಕರಣೆ, ಓದಿದ ಸಿಬ್ಬಂದಿ ನಮ್ಮಲ್ಲಿಲ್ಲ. ಹಾಗಾಗಿ ತುಪ್ಪ ನಮ್ಮದು, ಹದ ಅತ್ತಿಗೆಯದು. ಮುಲಾಮು ಮಾಡಿ ತುಂಬಿಕೊಡುವುದು ಶಿವಮೊಗ್ಗ ಕಡೆಯ ಪರವಾನಗಿ ಇರುವ ಒಂದು ಸಣ್ಣ ಘಟಕ. ಯಾವುದರಲ್ಲಿ ತುಂಬಬೇಕು ಎನ್ನುವುದನ್ನು ನಾವೇ ಹೇಳಬೇಕು. ಈ ಒಂದು ಪ್ರಶ್ನೆ ನಮ್ಮ ಒಂದು ವರ್ಷ ತಿಂದಿತು.

ನಾನು ಶಂಕರಘಟ್ಟದಲ್ಲಿ ಹಳೆಯ ಕನ್ನಡ ಪತ್ರಿಕೆಗಳ ಜಾಹೀರಾತುಗಳ ಮೇಲೆ ಸಂಶೋಧನೆ ಮಾಡುತ್ತಿರುವವಳು. ಮನೆಯವರ ಲೆಕ್ಕದಲ್ಲಿ ಡಬ್ಬಿ, ಲೇಬಲ್ಲು, ಚಂದ ಇವೆಲ್ಲ ನನ್ನ ಇಲಾಖೆ. ಬೆಂಗಳೂರಿನ ಅಂಗಡಿಗಳಲ್ಲಿ ಕಂದು ಬಣ್ಣದ ಗಾಜಿನ ಭರಣಿ, ಅದರ ಮೇಲೆ ಬಂಗಾರದ ಬಣ್ಣದ ಮುಚ್ಚಳ, ಹೊರಗೊಂದು ಒರಟು ಕಂದು ರಟ್ಟಿನ ಪೆಟ್ಟಿಗೆ ನೋಡಿ ಬಂದಿದ್ದೆ. 'ನೈಸರ್ಗಿಕ' ಎಂದರೆ ಹಾಗೇ ಇರಬೇಕು ಎಂದು ನನಗೆ ಅನ್ನಿಸಿಹೋಗಿತ್ತು. ಆ ಮೊದಲ ನೂರು ಭರಣಿಗಳಿಗೆ 120 ರೂಪಾಯಿ ಬೆಲೆ ಬರೆದೆವು.

ಶೃಂಗೇರಿಯಲ್ಲಿ ದೇವಸ್ಥಾನದ ಬೀದಿಯ ಒಬ್ಬ ಅಂಗಡಿಯವರು ಮೂವತ್ತು ಇಟ್ಟುಕೊಂಡರು. ಪ್ರವಾಸಿಗಳು ಕೊಂಡರು, ತಿಂಗಳೊಳಗೆ ಮುಗಿಯಿತು. ನಾನು ಗೆದ್ದೆ ಎಂದುಕೊಂಡೆ. ಆದರೆ ಕೊಪ್ಪದಲ್ಲಿ ಅತ್ತಿಗೆಯ ಸಂಘದ ಹೆಂಗಸರೇ ಭರಣಿಯನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ಮೆಲ್ಲಗೆ ವಾಪಸ್ಸಿಟ್ಟರು. ಬೆಲೆ ನೋಡುವ ಮೊದಲೇ ಇಟ್ಟವರಿದ್ದರು. ಅವರಲ್ಲಿ ಒಬ್ಬರು, ಪ್ರತಿ ಚಳಿಗಾಲ ಅತ್ತಿಗೆಯ ಕೈಯಿಂದ ಎಲೆಯ ಮೇಲೆ ತುಪ್ಪ ಇಸಿದುಕೊಂಡು ಹೋಗುತ್ತಿದ್ದವರು, "ಚಂದ ಉಂಟು ಮಾರಾಯ್ತಿ, ಇದು ನಮಗಲ್ಲ ಬಿಡು" ಎಂದರಂತೆ. ಅತ್ತಿಗೆ ಇದನ್ನು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಭರಣಿ ಒಡೆದಿದ್ದಕ್ಕಿಂತ ಇದು ಹೆಚ್ಚು ನೋಯಿಸಿತು.

ಆ ರಾತ್ರಿ ನಾವು ಲೆಕ್ಕದ ಪುಸ್ತಕ ತೆಗೆದು ಕೂತೆವು. ಭರಣಿಯೊಳಗಿನ 20 ಗ್ರಾಂ ಮುಲಾಮಿಗೆ ತಗುಲುತ್ತಿದ್ದುದು 12 ರೂಪಾಯಿ, ಮಾಡಿ ತುಂಬುವ ಕೂಲಿ 10. ಅಂದರೆ ಒಳಗಿನದಕ್ಕೆ ಒಟ್ಟು 22. ಹೊರಗಿನದಕ್ಕೆ? ಭರಣಿ 24, ರಟ್ಟಿನ ಪೆಟ್ಟಿಗೆ 9, ಲೇಬಲ್ಲು ಒಂದೂವರೆ, ಸಾಗಣೆ ಮತ್ತು ಒಡೆದದ್ದರ ಪಾಲು ನಾಲ್ಕೂವರೆ. ಒಟ್ಟು 39. ಒಳಗಿರುವುದರ ಎರಡು ಪಟ್ಟಿಗೆ ಹತ್ತಿರ ನಾವು ಹೊದಿಕೆಗೆ ಕೊಡುತ್ತಿದ್ದೆವು. "ನಾವು ಗಾಜು ಮಾರ್ತಿರೋದು ಕಣೇ, ತುಪ್ಪ ಪುಕ್ಕಟೆ ಕೊಡ್ತಿದೀವಿ" ಎಂದು ಅತ್ತಿಗೆ ನಕ್ಕರು.

ಇದಕ್ಕಿಂತ ದೊಡ್ಡ ವಿಷಯ ಆಮೇಲೆ ತಿಳಿಯಿತು. ಅಂಗಡಿಯವರು ಮುದ್ರಿತ ಬೆಲೆಯಲ್ಲಿ ನೂರಕ್ಕೆ ಮೂವತ್ತು ತಮಗೆ ಇಟ್ಟುಕೊಳ್ಳುತ್ತಾರೆ. ಅದು ಹೆಚ್ಚೇನಲ್ಲ, ಅವರ ಬಾಡಿಗೆ, ಮಾರದೆ ಉಳಿದ ಮಾಲು ಎಲ್ಲ ಅದರೊಳಗೇ. ಆದರೆ ಅದರಿಂದ ಆಗುವುದೇನೆಂದರೆ, ನಮ್ಮ ಕಡೆ ಒಂದು ರೂಪಾಯಿ ಹೆಚ್ಚಾದರೆ ಅದನ್ನು 0.7ರಿಂದ ಭಾಗಿಸಿ ಬೆಲೆಗೆ ಸೇರಿಸಬೇಕು, ಅಂದರೆ ಸುಮಾರು ಒಂದು ರೂಪಾಯಿ ನಲವತ್ಮೂರು ಪೈಸೆ. ಒಂಬತ್ತು ರೂಪಾಯಿಯ ಆ ರಟ್ಟಿನ ಪೆಟ್ಟಿಗೆ ಕೊಳ್ಳುವವರ ಕೈ ತಲುಪುವಾಗ ಹದಿಮೂರು ರೂಪಾಯಿ. ಅವರು ಅದನ್ನು ಅಲ್ಲೇ ಬಿಚ್ಚಿ ಎಸೆಯುತ್ತಾರೆ. ಇನ್ನೊಂದು ಕಣ್ಣಿಗೆ ಕಾಣದ ಖರ್ಚು ತೆರಿಗೆ. ಸಗಟು ಅಂಗಡಿಯವರು ಹೇಳುವ ದರಕ್ಕೆ ಮೇಲೆ ನೂರಕ್ಕೆ 18 ಜಿಎಸ್‌ಟಿ ಬೀಳುತ್ತದೆ. ದೊಡ್ಡ ಕಂಪನಿ ಅದನ್ನು ತನ್ನ ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುತ್ತದೆ. ನಮ್ಮಂತೆ ವಹಿವಾಟು ಸಣ್ಣದಾಗಿ, ನೋಂದಣಿಯೇ ಇಲ್ಲದವರಿಗೆ ಅದು ಪೂರ್ತಿ ಖರ್ಚೇ. ಹಾಗಾಗಿ ಡಬ್ಬಿಯ ದರ ಕೇಳುವಾಗ ತೆರಿಗೆ ಸೇರಿ ಎಷ್ಟು, ಕೊಪ್ಪದ ಬಾಗಿಲಿಗೆ ಬಂದು ಬೀಳುವಾಗ ಎಷ್ಟು ಎಂದೇ ಕೇಳಬೇಕು ಎಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟೆವು.

ಹಾಗಾದರೆ ಅಗ್ಗದ್ದು ನೋಡೋಣ ಎಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ತರಿಸಿದೆವು. ಆರು ರೂಪಾಯಿ. ಹಗುರ, ಒಡೆಯುವುದಿಲ್ಲ. ಅದೇ ಲೇಬಲ್ಲು ಅಂಟಿಸಿ ನರಸಿಂಹರಾಜಪುರದ ಸಂತೆಗೆ ಒಯ್ದೆವು. ಅಲ್ಲಿ ಅತ್ತಿಗೆಯ ದೊಡ್ಡಮ್ಮನ ಮಗಳು ಬಟ್ಟೆ ಅಂಗಡಿ ಹಾಕುತ್ತಾರೆ; ಅವರ ಪಕ್ಕ ಒಂದು ಮೇಜು. ಆ ದಿನ ಬಂದ ಪ್ರತಿ ಇಬ್ಬರಲ್ಲಿ ಒಬ್ಬರು ಕೇಳಿದ್ದು ಒಂದೇ: "ಇದು ಮಂಡಿನೋವಿಗಾ?" ಬಿಳಿ ಪ್ಲಾಸ್ಟಿಕ್ ಡಬ್ಬಿ ಎಂದರೆ ನೋವಿನ ಮುಲಾಮು ಎಂದು ಜನರ ಕಣ್ಣಿಗೆ ರೂಢಿಯಾಗಿದೆ. ತುಟಿಗೆ ಹಚ್ಚಿ ಎಂದರೆ ಹಿಂಜರಿಯುತ್ತಿದ್ದರು. ಗಾಜು 'ನಮಗಲ್ಲ' ಎಂದಿತ್ತು, ಪ್ಲಾಸ್ಟಿಕ್ 'ತುಟಿಗಲ್ಲ' ಎಂದಿತು.

ಅಡಿಕೆ ಹಾಳೆಯ ಡಬ್ಬಿ ಮಾಡಬಾರದೇಕೆ ಎಂದು ಊರಿನವರೆಲ್ಲ ಸಲಹೆ ಕೊಟ್ಟರು. ಹಾಳೆ ತಟ್ಟೆ ಒತ್ತುವ ಯಂತ್ರದವರೇ ಚಿಕ್ಕ ಬಟ್ಟಲು ಒತ್ತಿಕೊಟ್ಟರು. ನೋಡಲು ಬಹಳ ಚಂದ. ಹದಿನೈದು ದಿನಕ್ಕೆ ಕೊಬ್ಬು ನಾರಿನೊಳಗೆ ಇಳಿದು ಹೊರಮೈಯಲ್ಲಿ ಕಪ್ಪು ಕಲೆ. ಜೂನಿನಲ್ಲಿ ಅಂಚಿಗೆ ಬೂಷ್ಟು ಬಂತು. ಬಿದಿರಿನ ಮುಚ್ಚಳವೂ ಹಾಗೇ, ಮಳೆಗಾಲದಲ್ಲಿ ಉಬ್ಬಿ ತಿರುಗಲೇ ಇಲ್ಲ. ಒಣ ಊರಿನ ಕಪಾಟಿನಲ್ಲಿ ಚಂದ ಕಾಣುವ ಎಷ್ಟೋ ವಸ್ತು ಆಗುಂಬೆಯ ಈಚೆಗೆ ನಾಲ್ಕು ತಿಂಗಳು ಬದುಕುವುದಿಲ್ಲ. ನನ್ನ ಒರಟು ಕಂದು ರಟ್ಟಿನ ಪೆಟ್ಟಿಗೆಗಳೂ ಶೃಂಗೇರಿಯ ಅಂಗಡಿಯ ಗಾಜಿನ ಕಪಾಟಿನಲ್ಲೇ ಮೆತ್ತಗಾಗಿ ಸೊಂಟ ಬಗ್ಗಿಸಿಕೊಂಡು ನಿಂತಿದ್ದವು.

ಈ ಹೊತ್ತಿಗೆ ನನ್ನ ಪ್ರಬಂಧದ ಒಂದು ಅಧ್ಯಾಯಕ್ಕಾಗಿ ಮೈಸೂರು ಸ್ಯಾಂಡಲ್ ಸೋಪಿನ ಬಗ್ಗೆ ಓದುತ್ತಿದ್ದೆ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತು, ಮರದ ರಾಶಿ ಉಳಿದು, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಬಂತು; ಅದರ ಬೆನ್ನಿಗೆ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ. ಸಾಬೂನಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಸಾಬೂನನ್ನು ಅಂಡಾಕಾರದಲ್ಲಿ ಮಾಡಿಸಿ, ಒಡವೆಯ ಪೆಟ್ಟಿಗೆಯನ್ನು ನೆನಪಿಸುವ ಡಬ್ಬಿಯಲ್ಲಿ ಇಡಿಸಿ, ಆನೆಯ ತಲೆ, ಸಿಂಹದ ಮೈಯ ಶರಭವನ್ನು ಗುರುತಾಗಿ ಹಾಕಿಸಿದರು ಎನ್ನುವುದು ಎಲ್ಲರೂ ಹೇಳುವ ಕತೆ. ನಾನೂ ಎಷ್ಟೋ ಸಲ ಓದಿದ್ದೆ. ಈ ಸಲ ಮನೆಯಲ್ಲಿದ್ದ ಒಂದು ಸೋಪಿನ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಒಡವೆಯ ಪೆಟ್ಟಿಗೆಯಂತೆ ಎನ್ನುತ್ತಾರೆ, ಆದರೆ ಅದು ಬರೀ ರಟ್ಟು. ವೆಲ್ವೆಟ್ಟಿಲ್ಲ, ತಗಡಿಲ್ಲ. ಬೆಲೆಬಾಳುವ ವಸ್ತುವೊಂದೂ ಅದರಲ್ಲಿಲ್ಲ. ಇರುವುದು ಆಕಾರ, ಬಣ್ಣ, ಒಂದು ಚಿತ್ರ. ಒಮ್ಮೆ ಅಚ್ಚು ಮಾಡಿಸಿದ ಮೇಲೆ ಅಂಡಾಕಾರದ ಸಾಬೂನಿಗೂ ಇಟ್ಟಿಗೆಯಾಕಾರದ್ದಕ್ಕೂ ಖರ್ಚು ಹೆಚ್ಚುಕಡಿಮೆ ಒಂದೇ ಇರಬೇಕು. ನಾನು ಮಾಡಿದ್ದು ಅದರ ಉಲ್ಟಾ: ದುಬಾರಿ ವಸ್ತು ಕೊಂಡು, ಅದರ ಮೇಲೆ ಎಲ್ಲರ ಹಾಗಿನ ಚಿತ್ರ ಅಂಟಿಸಿದ್ದೆ.

ಆಮೇಲೆ ಸಿಕ್ಕಿದ್ದು ಅಲ್ಯೂಮಿನಿಯಂ ಡಬ್ಬಿ. ಚಪ್ಪಟೆ, ದುಂಡಗೆ, ತಿರುಗಿಸುವ ಮುಚ್ಚಳ. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಗಲ್ಲಿಗಳಲ್ಲಿ ಎರಡು ಅಂಗಡಿಯಲ್ಲಿ ಮಾದರಿ ಇಸಿದುಕೊಂಡೆ. ಎರಡೂ ಕಣ್ಣಿಗೆ ಒಂದೇ ಥರ, ಒಂದು ಎಂಟೂವರೆ, ಇನ್ನೊಂದು ಆರೂವರೆ ರೂಪಾಯಿ, ತೆರಿಗೆ ಬೇರೆ. ಅಗ್ಗದ್ದೇ ತರೋಣ ಎನ್ನುವಷ್ಟರಲ್ಲಿ ಅಣ್ಣ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತದ ಗೊಂಬೆ ತಂದು ಹಿಡಿದ. ಅಗ್ಗದ್ದಕ್ಕೆ ಟಪ್ಪನೆ ಅಂಟಿತು. ಅದು ತವರದ ಲೇಪ ಕೊಟ್ಟ ಕಬ್ಬಿಣದ ತಗಡು. ಕತ್ತರಿಸಿದ ಅಂಚಿನಲ್ಲಿ ಲೇಪ ಇರುವುದಿಲ್ಲ. ನಮ್ಮ ಮಳೆಗಾಲದಲ್ಲಿ ಮೊದಲು ತುಕ್ಕು ಹಿಡಿಯುವುದು ಅಲ್ಲೇ, ಅಂದರೆ ಮುಚ್ಚಳದ ಸುರುಳಿಯಲ್ಲಿ, ಬೆರಳು ತಾಗುವಲ್ಲಿ. ಖಾತ್ರಿಗೆಂದು ಎರಡನ್ನೂ ಬಚ್ಚಲಮನೆಯ ಗೂಡಿನಲ್ಲಿ ಇಟ್ಟೆವು. ಅಗ್ಗದ್ದರ ಅಂಚು ವಾರದೊಳಗೆ ಕೆಂಪಾಯಿತು, ಇನ್ನೊಂದು ಹಾಗೇ ಇತ್ತು.

ಸೋರುವುದು ಇನ್ನೊಂದು ಚಿಂತೆ. ಮುರುಗಲ ತುಪ್ಪ 38ರಿಂದ 42 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಮೇಣ ಸೇರಿದರೆ ಸ್ವಲ್ಪ ಮೇಲೆ, ತೆಂಗಿನೆಣ್ಣೆ ಸೇರಿದರೆ ಸ್ವಲ್ಪ ಕೆಳಗೆ. ಕೊಪ್ಪದಲ್ಲಿ ತೊಂದರೆಯಿಲ್ಲ. ಆದರೆ ಶೃಂಗೇರಿಯಲ್ಲಿ ಕೊಂಡವರು ಅದನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಟ್ಟು ಊರಿಗೆ ಹೊರಡುತ್ತಾರೆ. ಅದಕ್ಕೆ ಅತ್ತಿಗೆ ಒಂದು ಪರೀಕ್ಷೆ ಕಂಡುಹಿಡಿದರು. ಕರಗಿಸಿದ ಮುಲಾಮನ್ನು ಹತ್ತು ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಬಚ್ಚಲ ಹಂಡೆಯ ಪಕ್ಕದ ಬಿಸಿ ಕಟ್ಟೆಯ ಮೇಲೆ ಪತ್ರಿಕೆ ಹಾಸಿ, ಬೋರಲು ಇಟ್ಟರು. ಬೆಳಿಗ್ಗೆ ಪತ್ರಿಕೆಯ ಮೇಲೆ ಆರು ಎಣ್ಣೆಯ ಉಂಗುರಗಳು. ಅಂಗಡಿಯವರನ್ನು ಕೇಳಿದಾಗ, ಮುಚ್ಚಳದೊಳಗೆ ಕೂರುವ ಬಿಳಿ ಸ್ಪಂಜಿನಂಥ ಬಿಲ್ಲೆ ಇರುವ ಡಬ್ಬಿ ಬೇರೆ ಉಂಟು ಎಂದರು. ಬೆಲೆ ಅದೇ, ನಾವು ಕೇಳಿರಲಿಲ್ಲ, ಅವರು ಕೊಟ್ಟಿರಲಿಲ್ಲ. ಬಿಲ್ಲೆ ಇದ್ದ ಹತ್ತರಲ್ಲಿ ಒಂದು ಮಾತ್ರ ಸೋರಿತು, ಅದರ ಸುರುಳಿ ನೆಗ್ಗಿತ್ತು.

ಈಗ ಡಬ್ಬಿಗೆ ಚಂದ ಬರಬೇಕು. ಡಬ್ಬಿಯ ಮೈಮೇಲೇ ಅಚ್ಚು ಹಾಕಿಸುವ ಆಸೆ ನನಗೆ ಬಹಳ ಇತ್ತು. ಅದು ಕನಿಷ್ಠ ಐದು ಸಾವಿರ ಡಬ್ಬಿಗೆ ಮಾತ್ರ, ಒಂದಕ್ಕೆ ಹದಿನಾಲ್ಕು ರೂಪಾಯಿ ಎಂದರು. ಎಪ್ಪತ್ತು ಸಾವಿರ. ಒಂದರ ದರ ನೋಡಿದರೆ ಅದೇನೂ ಹೆಚ್ಚಲ್ಲ. ಆದರೆ ಅತ್ತಿಗೆಯ ಸಾಲವೇ ಮೂವತ್ತು ಸಾವಿರ. ಸಣ್ಣವರಿಗೆ ಒಂದರ ದರ ಅಲ್ಲ, ಒಮ್ಮೆಗೆ ಎಷ್ಟು ದುಡ್ಡು ಕಪಾಟಿನಲ್ಲಿ ಕೂರುತ್ತದೆ ಎನ್ನುವುದು ಮುಖ್ಯ. ಅದೂ ಅಲ್ಲದೆ ಅಚ್ಚಾದದ್ದನ್ನು ತಿದ್ದುವಂತಿಲ್ಲ. ನಮ್ಮ ಮೊದಲ ಲೇಬಲ್ಲಿನಲ್ಲೇ ಎರಡು ತಪ್ಪುಗಳಿದ್ದವು. ಗ್ರಾಂ ಎನ್ನುವುದನ್ನು ಇಂಗ್ಲಿಷಿನಲ್ಲಿ 'ಜಿಎಂಎಸ್' ಎಂದು ಬರೆದಿದ್ದೆ. ಕಾನೂನು ಮಾಪನದ ನಿಯಮದಲ್ಲಿ ಅದಕ್ಕೆ 'ಜಿ' ಎಂಬ ಒಂದೇ ಅಕ್ಷರ. ಇನ್ನೊಂದು, 'ಹಿಮ್ಮಡಿ ಒಡಕು ವಾಸಿಮಾಡುತ್ತದೆ' ಎಂದು ಹೆಮ್ಮೆಯಿಂದ ಹಾಕಿದ್ದೆ. ವಾಸಿ ಮಾಡುವುದು ಔಷಧಿ. ಸೌಂದರ್ಯವರ್ಧಕ ಹಾಗೆ ಹೇಳುವಂತಿಲ್ಲ ಎಂದು ಘಟಕದ ಮೇಡಂ ಕೆಂಪು ಪೆನ್ನಿನಲ್ಲಿ ಹೊಡೆದು ಕಳಿಸಿದರು. ನನ್ನ ಗೈಡ್ ಕೂಡ ನನ್ನ ಅಧ್ಯಾಯಗಳಿಗೆ ಅಷ್ಟು ಗಟ್ಟಿಯಾಗಿ ಗೀಟು ಹಾಕಿದ್ದಿಲ್ಲ. ಇಂಥ ತಪ್ಪು ಐದು ಸಾವಿರ ತಗಡಿನ ಮೇಲೆ ಅಚ್ಚಾಗಿದ್ದರೆ? ಸ್ಟಿಕ್ಕರಾದರೆ ಮುನ್ನೂರು ಹರಿದು ಹಾಕಿ ಸುಮ್ಮನಿರಬಹುದು. ಹರಿದೆವು.

ಸ್ಟಿಕ್ಕರಿನ ಹಾಳೆಯಲ್ಲೂ ಆಯ್ಕೆ ಇದೆ. ಕಾಗದದ್ದು ಅಗ್ಗ, ಆದರೆ ಜಿಡ್ಡು ಕುಡಿಯುತ್ತದೆ. ನೀರು, ಎಣ್ಣೆ ಹೀರದ ಹರಿಯದ ಪ್ಲಾಸ್ಟಿಕ್ ಹಾಳೆ ಬೇರೆ ಬರುತ್ತದೆ. ಮುಲಾಮು ಮೆತ್ತಿದ ಬೆರಳಿನಿಂದ ಎರಡನ್ನೂ ಉಜ್ಜಿ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಉತ್ತರ ಸಿಗುತ್ತದೆ. ಹನ್ನೆರಡು ಹದಿನೆಂಟಿಂಚಿನ ಒಂದು ಹಾಳೆಗೆ, ಮುದ್ರಣ ಮತ್ತು ಕತ್ತರಿಕೆ ಸೇರಿ, ಶಿವಮೊಗ್ಗದಲ್ಲಿ ಅರವತ್ತು ರೂಪಾಯಿ ಹೇಳಿದರು. ಐದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ಅಗಲದ ಬಿಲ್ಲೆಗಳು ಅದರಲ್ಲಿ ನಲವತ್ತು ಕೂರುತ್ತವೆ. ಡಬ್ಬಿಯ ತಲೆಗೊಂದು, ತಳಕ್ಕೊಂದು. ಅಂದರೆ ಇಪ್ಪತ್ತು ಡಬ್ಬಿ.

ತಲೆಗೂ ತಳಕ್ಕೂ ಕೆಲಸ ಹಂಚಿದ್ದೇ ನಮ್ಮ ದೊಡ್ಡ ಬಿಡುಗಡೆ. ಕಾನೂನು ಕೇಳುವ ಸಾಲುಗಳು ಕಡಿಮೆಯಿಲ್ಲ: ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚು, ತಯಾರಾದ ತಿಂಗಳು, ಎಷ್ಟರೊಳಗೆ ಬಳಸಬೇಕು, ತೂಕ, ಎಲ್ಲ ತೆರಿಗೆ ಸೇರಿದ ಬೆಲೆ, ದೂರಿಗೆ ಫೋನು. ಕನ್ನಡದಲ್ಲಿ ಬರೆದರೂ ಇವು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು. ಮೊದಲು ಇದೆಲ್ಲವನ್ನೂ ಭರಣಿಯ ಮುಂದುಗಡೆಯ ಒಂದೇ ಲೇಬಲ್ಲಿನಲ್ಲಿ ತುರುಕಿ, ಮತ್ತೆ ಪೆಟ್ಟಿಗೆಯ ಮೇಲೂ ಅಚ್ಚು ಹಾಕಿಸಿದ್ದೆ, ಏಕೆಂದರೆ ಹೊರಪೆಟ್ಟಿಗೆ ಇದ್ದರೆ ಅದಕ್ಕೂ ವಿವರ ಬೇಕು. ಪೆಟ್ಟಿಗೆ ಹೋಯಿತು, ಎರಡನೇ ವಿವರಪಟ್ಟಿಯೂ ಹೋಯಿತು. ತಳದ ಬಿಲ್ಲೆಗೆ ಕಾನೂನು ಎಲ್ಲ. ತಲೆಯ ಬಿಲ್ಲೆಯಲ್ಲಿ 'ಮುರುಗಲು' ಎಂದು ದೊಡ್ಡ ಕನ್ನಡ ಅಕ್ಷರ, ಅಡ್ಡ ಸೀಳಿದ ಒಂದು ಹಣ್ಣಿನ ಗೆರೆಚಿತ್ರ, ಬೀಜಗಳ ಸುತ್ತು. ಮಾಸಲು ಬಿಳಿಯ ಮೇಲೆ ಹಣ್ಣಿನದೇ ಕಡುಗೆಂಪು, ಅದೊಂದೇ ಬಣ್ಣ. ಪೂರ್ತಿ ಕೆಂಪು ತುಂಬಿಸಿ ಅಕ್ಷರ ಬಿಳಿ ಬಿಟ್ಟು ನೋಡಿದ್ದೆ; ಡಬ್ಬಿಗಳು ಒಂದರ ಮೇಲೊಂದು ಉಜ್ಜಿದಾಗ ಗೀರು ಎದ್ದು ಕಾಣುತ್ತಿತ್ತು. ಗೆರೆಯಲ್ಲಿ ಗೀರು ಕಾಣುವುದಿಲ್ಲ. ಹಸೆ ಚಿತ್ತಾರ ಹಾಕು ಎಂದು ಸ್ನೇಹಿತೆಯೊಬ್ಬಳು ಹೇಳಿದಳು. ದೀವರ ಹೆಂಗಸರು ಗೋಡೆಯ ಮೇಲೆ ಬರೆಯುವ ಅದನ್ನು ನಮ್ಮ ಡಬ್ಬಿಗೆ ಎತ್ತಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಬಿಲ್ಲೆಗಳು ಕೂತ ಮೇಲೆ ಹಾಳೆಯ ಅಂಚಿನಲ್ಲಿ ಎರಡು ಕಡೆ ಖಾಲಿ ಜಾಗ ಉಳಿಯುತ್ತಿತ್ತು. ಅಂಗಡಿಯ ಹುಡುಗ ಅದನ್ನು ಕತ್ತರಿಸಿ ಬುಟ್ಟಿಗೆ ಎಸೆಯುತ್ತಿದ್ದ. ಅತ್ತಿಗೆಗೆ ಅದು ಸಹಿಸಲಿಲ್ಲ. "ದುಡ್ಡು ಕೊಟ್ಟಿದ್ದಲ್ವನ ಅದಕ್ಕೂ?" ಎಂದರು. ಆ ಜಾಗದಲ್ಲಿ ಒಂದು ಸೆಂಟಿಮೀಟರ್ ಅಗಲದ ಪಟ್ಟಿಗಳು ಸರಿಯಾಗಿ ಇಪ್ಪತ್ತು ಕೂತವು. ಮುಚ್ಚಳದ ಮೇಲಿನಿಂದ ಪಕ್ಕಕ್ಕಿಳಿದು ತಳಕ್ಕೆ ಮಡಚುವ ಪಟ್ಟಿ. ಅದರ ಮೇಲೆ ಬೀಜದ ಸಾಲು. ಒಮ್ಮೆ ಮುಚ್ಚಳ ತಿರುಗಿಸಿದರೆ ಪಟ್ಟಿ ಕಿತ್ತು ಸುಕ್ಕಾಗುತ್ತದೆ, ಯಾರೋ ತೆರೆದಿದ್ದಾರೆ ಎಂದು ತಿಳಿಯುತ್ತದೆ. ಬಸ್ಸಿನ ಕುಲುಕಿಗೆ ಮುಚ್ಚಳ ಸಡಿಲಾಗುವುದಿಲ್ಲ. ಸಾದಾ ಅಲ್ಯೂಮಿನಿಯಮ್ಮಿನ ಮೇಲೆ ಸೀರೆಯ ಅಂಚಿನ ಹಾಗೆ ಕಾಣುತ್ತದೆ. ಅದಕ್ಕೆ ಬೇರೆ ಖರ್ಚು ಒಂದು ಪೈಸೆ ಇಲ್ಲ.

ಇನ್ನೊಂದು ಪುಕ್ಕಟೆಯ ಚಂದವನ್ನು ತೋರಿಸಿದ್ದು ನರಸಿಂಹರಾಜಪುರದ ಒಬ್ಬ ಹುಡುಗಿ. ಮುಚ್ಚಳ ತೆಗೆದು, "ಅಕ್ಕಾ, ಇದನ್ನ ಯಾರೋ ತೆಗ್ದಿದಾರೆ" ಎಂದಳು. ನೋಡಿದರೆ ಮುಲಾಮಿನ ನಡುವೆ ಬೆರಳು ಹಾಕಿದಂಥ ಗುಳಿ. ಕೊಬ್ಬು ಗಟ್ಟಿಯಾಗುವಾಗ ಕುಗ್ಗುತ್ತದೆ, ಅಂಚು ಮೊದಲು ಹೆಪ್ಪುಗಟ್ಟಿ ನಡು ಕೊನೆಗೆ ಇಳಿಯುತ್ತದೆ. ತುಂಬಾ ಬಿಸಿಯಿದ್ದಾಗ ಸುರಿದಷ್ಟೂ ಗುಳಿ ಆಳ. ಘಟಕದವರಿಗೆ ಹೇಳಿ, ಇನ್ನೇನು ಮಂಜು ಕಟ್ಟುತ್ತದೆ ಎನ್ನುವಷ್ಟು ಆರಿಸಿ ಸುರಿಯಲು ಕೇಳಿಕೊಂಡೆವು. ಈಗ ಮೇಲ್ಮೈ ಕೆನೆ ಮೊಸರಿನ ಹಾಗೆ ಸಮವಾಗಿರುತ್ತದೆ. ಅದೂ ಪ್ಯಾಕಿಂಗೇ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹೊಸ ಲೆಕ್ಕ ಹೀಗೆ ಬಂತು. ಡಬ್ಬಿ ತೆರಿಗೆ ಸೇರಿ 10, ಎರಡು ಬಿಲ್ಲೆ ಮತ್ತು ಪಟ್ಟಿ 3, ಸಾಗಣೆ ಮತ್ತು ಹೊರಗಿನ ದೊಡ್ಡ ಪೆಟ್ಟಿಗೆಯ ಪಾಲು 2. ಒಟ್ಟು 15. ಒಳಗಿನ 22 ಸೇರಿ 37. ಅತ್ತಿಗೆಯ ಪಾಲು 20. ಈ 57ನ್ನು 0.7ರಿಂದ ಭಾಗಿಸಿದರೆ 81 ರೂಪಾಯಿ ಚಿಲ್ಲರೆ. 85 ಹಾಕು ಎಂದೆ ನಾನು. ಅತ್ತಿಗೆ 80 ಎಂದರು. "ನೂರರ ನೋಟು ಕೊಟ್ರೆ ಇಪ್ಪತ್ತು ವಾಪಸ್ ಸಿಗ್ಲಿ. ಬಸ್ಸಿಗಾಗ್ತದೆ ಅವರಿಗೆ." ತಮ್ಮ ಪಾಲಿನಲ್ಲಿ ಒಂದು ರೂಪಾಯಿ ಬಿಟ್ಟುಕೊಟ್ಟರು. ಪ್ಲಾಸ್ಟಿಕ್ಕಿನದೇ ಆಗಿದ್ದರೆ ಎಪ್ಪತ್ತೈದಕ್ಕೆ ಬರುತ್ತಿತ್ತು. ಆ ಐದು ರೂಪಾಯಿ ಕೊಡಲು ಯಾರೂ ತಕರಾರು ಮಾಡಲಿಲ್ಲ. ಗಾಜಿಗೂ ಇದಕ್ಕೂ ನಡುವಿನ ನಲವತ್ತು ರೂಪಾಯಿಯೇ ಕೊಪ್ಪದ ಹೆಂಗಸರನ್ನು ಆಚೆ ನಿಲ್ಲಿಸಿದ್ದು.

ಶೃಂಗೇರಿಯ ಅಂಗಡಿಯವರು ಮೊದಲು ಮುಖ ಸಣ್ಣದು ಮಾಡಿದರು. ಪ್ರವಾಸಿಗಳಿಗೆ ಉಡುಗೊರೆ ಕೊಡಲು ಏನಾದರೂ ದೊಡ್ಡದು ಕಾಣಬೇಕು ಎಂದರು. ಅದು ಸುಳ್ಳಲ್ಲ, ಅಲ್ಲಿ ಮಾರಾಟ ಒಂದು ತಿಂಗಳು ಇಳಿದೇಬಿಟ್ಟಿತು. ಆಮೇಲೆ ಅವರೇ ಮೂರು ಡಬ್ಬಿಯನ್ನು ಒಂದರ ಮೇಲೊಂದು ಇಟ್ಟು ಬಾಳೆಪಟ್ಟೆಯ ನಾರಿನಲ್ಲಿ ಕಟ್ಟಿ 240ಕ್ಕೆ ಇಟ್ಟರು. ಹಾಗೆ ಹೋಗುತ್ತಿದೆ, ಭರಣಿಯಷ್ಟು ಬೇಗ ಅಲ್ಲದಿದ್ದರೂ.

ಕೊಪ್ಪದಲ್ಲಿ 'ನಮಗಲ್ಲ' ಎಂದಿದ್ದವರು ಎರಡು ಡಬ್ಬಿ ಕೊಂಡರು. ಒಂದು ತಮಗೆ, ಒಂದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳಿಗೆ. ಮುಗಿದ ಮೇಲೆ ಡಬ್ಬಿಯನ್ನು ಕುಂಕುಮಕ್ಕೆ ಇಟ್ಟುಕೊಂಡಿದ್ದಾರೆ. ಅದನ್ನು ನೋಡಿ ಇನ್ನಿಬ್ಬರು ಖಾಲಿ ಡಬ್ಬಿ ಮಾತ್ರ ಕೊಡ್ತೀರಾ ಎಂದು ಕೇಳಿಕೊಂಡು ಬಂದರಂತೆ.

ಈಗ ಐನೂರರ ಎರಡನೇ ಲಾಟು ಬಂದಿದೆ. ಅದರಲ್ಲಿ ಹನ್ನೊಂದು ನೆಗ್ಗಿವೆ. ಅಲ್ಯೂಮಿನಿಯಮ್ಮಿನ ಕಷ್ಟ ಅದು: ಒಡೆಯುವುದಿಲ್ಲ, ಆದರೆ ಪೆಟ್ಟಿನ ಗುರುತು ಇಟ್ಟುಕೊಳ್ಳುತ್ತದೆ, ನೆಗ್ಗಿದ್ದನ್ನು ಯಾರೂ ಕೊಳ್ಳುವುದಿಲ್ಲ. ಅತ್ತಿಗೆ ಆ ಹನ್ನೊಂದನ್ನು ಬೇರೆ ಇಟ್ಟಿದ್ದಾರೆ, ಸಂತೆಯಲ್ಲಿ ಮುಚ್ಚಳ ತೆಗೆದಿಟ್ಟು ಬೆರಳಿಗೆ ಹಚ್ಚಿ ನೋಡಲು. ನಾನು ಬರುವ ಶನಿವಾರ ಹೋಗುವಾಗ ಪಟ್ಟಿ ಅಂಟಿಸಲು ಕೂರಬೇಕು. ನಾನು ಅಂಟಿಸಿದ್ದು ಓರೆಯಾಗುತ್ತದೆ ಎಂದು ಅವರ ದೂರು ಇದ್ದೇ ಇದೆ.